ಜಾಮೀನು ಆದೇಶದ ಸಾರಾಂಶ ಬರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಕೋರ್ಟಿನಲ್ಲಿ ವಕೀಲಿ ಮಾಡುವ ನನಗೆ ಜಾಮೀನು ಸಿಕ್ಕ ದಿನ ಸಂಜೆ ಇನ್ನೊಂದು ಕೆಲಸ ಇದ್ದೇ ಇರುತ್ತದೆ. ಆದೇಶ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ, ಏಳೆಂಟು ಪುಟ. ಮನೆಯವರಿಗೆ ಬೇಕಾದದ್ದು ಒಂದು ಪುಟ, ಕನ್ನಡದಲ್ಲಿ: ಜಾಮೀನು ಏಕೆ ಸಿಕ್ಕಿತು, ಏನೇನು ಷರತ್ತು, ನ್ಯಾಯಾಧೀಶರು ಏನೆಂದರು. ಆ ಒಂದು ಪುಟ ಬರೆಯುವಾಗ ಜೂನಿಯರ್‌ಗಳು, ಗುಮಾಸ್ತರು, ವರದಿಗಾರರು ನನ್ನನ್ನು ಕೇಳುವ ಪ್ರಶ್ನೆಗಳು ಇಲ್ಲಿವೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ. ಅದು ಯಾರದೋ ನಿಜವಾದ ಕೇಸಲ್ಲ, ವಿವರಿಸಲು ನಾನೇ ಕಟ್ಟಿದ್ದು. ಆದರೆ ಇಂಥ ಕೇಸು ನಮ್ಮ ಕಡೆ ಹೊಸದೇನಲ್ಲ.

ಉದಾಹರಣೆಯ ಕೇಸು ಯಾವುದು?

ಹರಿಹರ ತಾಲ್ಲೂಕಿನ ಒಂದು ಹಳ್ಳಿ. ಭದ್ರಾ ನಾಲೆಯ ಕೊನೆಭಾಗ, ಅಲ್ಲಿಗೆ ನೀರು ಬರುವುದೇ ಕಷ್ಟ. ಒಂದು ಸಂಜೆ ತೂಬಿನ ಹತ್ತಿರ ನೀರು ತಿರುಗಿಸುವ ವಿಚಾರಕ್ಕೆ ಜಗಳವಾಗುತ್ತದೆ. ದೂರಿನ ಪ್ರಕಾರ ಅಣ್ಣ (ಒಂದನೇ ಆರೋಪಿ) ಪಕ್ಕದ ಜಮೀನಿನವರ ತಲೆಗೆ ಸಲಿಕೆಯಿಂದ ಹೊಡೆದ, ತಮ್ಮ (ಎರಡನೇ ಆರೋಪಿ) ದೊಣ್ಣೆಯಿಂದ ಎಡಗೈಗೆ ಹೊಡೆದ, ಅಣ್ಣನ ಮಗ (ಮೂರನೇ ಆರೋಪಿ) ಹಿಂದಿನಿಂದ ಹಿಡಿದುಕೊಂಡಿದ್ದ. ಭಾರತೀಯ ನ್ಯಾಯ ಸಂಹಿತೆಯ 109 (ಕೊಲೆ ಯತ್ನ), 118(1), 115(2), 352 ಕಲಮುಗಳ ಜೊತೆಗೆ ಸಮಾನ ಉದ್ದೇಶದ 3(5) ಹಾಕಿ ಪೊಲೀಸರು ಎಫ್‌ಐಆರ್ ಮಾಡುತ್ತಾರೆ. ತಮ್ಮ 34 ದಿನ ನ್ಯಾಯಾಂಗ ಬಂಧನದಲ್ಲಿದ್ದ ಮೇಲೆ ಸೆಷನ್ಸ್ ಕೋರ್ಟ್ ಅವನಿಗೊಬ್ಬನಿಗೆ ಜಾಮೀನು ಕೊಡುತ್ತದೆ. ಆದೇಶದಲ್ಲಿ ಹನ್ನೆರಡು ಪ್ಯಾರಾ.

ಆದೇಶದಲ್ಲಿ ಯಾವುದು ಎಲ್ಲಿರುತ್ತದೆ?

ನಮ್ಮ ಜಿಲ್ಲಾ ಕೋರ್ಟುಗಳ ಜಾಮೀನು ಆದೇಶಗಳಿಗೆ ಒಂದು ಹಳೆಯ ಅಚ್ಚು ಇದೆ. ಮೊದಲು ಅರ್ಜಿಯ ನಂಬರು, ಪೊಲೀಸ್ ಠಾಣೆ, ಅಪರಾಧ ಸಂಖ್ಯೆ, ಕಲಮುಗಳು. ಆಮೇಲೆ ಪ್ರಾಸಿಕ್ಯೂಷನ್ ಹೇಳುವ ಘಟನೆ. ಆಮೇಲೆ ಅರ್ಜಿದಾರ ಜಾಮೀನಿಗೆ ಮುಂದಿಟ್ಟ ಅಂಶಗಳು. ನಂತರ ಸರ್ಕಾರಿ ಅಭಿಯೋಜಕರ ತಕರಾರು. ಎರಡೂ ಕಡೆ ವಾದ ಕೇಳಿದೆ ಎಂಬ ಒಂದು ಸಾಲು. ಬಳಿಕ ‘ಅರ್ಜಿದಾರ ಜಾಮೀನಿಗೆ ಆಧಾರ ತೋರಿಸಿದ್ದಾನೆಯೇ? ಆದೇಶವೇನು?’ ಎಂದು ಎರಡು ಪ್ರಶ್ನೆ, ಅವುಗಳಿಗೆ ಚುಟುಕು ಉತ್ತರ. ಅದರ ಕೆಳಗೆ ‘ಕಾರಣಗಳು’ ಎಂಬ ತಲೆಬರಹ. ಕೊನೆಗೆ ‘ಆದೇಶ’, ಅದರಡಿಯಲ್ಲೇ ಷರತ್ತುಗಳು.

ಓದುವಾಗ ನಾನು ತಲೆಕೆಳಗು ಓದುತ್ತೇನೆ. ಮೊದಲು ಕೊನೆಯ ಆದೇಶ, ಆಮೇಲೆ ಕಾರಣಗಳು, ಕಡೆಗೆ ಮೊದಲ ಪುಟಗಳು. ಮೊದಲಿನಿಂದ ಓದಿದರೆ ವಕೀಲರ ವಾದವೇ ತಲೆಯಲ್ಲಿ ಕೂತು, ಕೋರ್ಟು ಹೇಳಿದ್ದೂ ಅದೇ ಅನ್ನಿಸಿಬಿಡುತ್ತದೆ.

ಸಾರಾಂಶದಲ್ಲಿ ಅತಿ ಹೆಚ್ಚು ಆಗುವ ತಪ್ಪು ಯಾವುದು?

ವಕೀಲರು ಹೇಳಿದ್ದನ್ನು ನ್ಯಾಯಾಧೀಶರ ಬಾಯಿಗೆ ಹಾಕುವುದು. ನನ್ನ ಮೇಜಿಗೆ ತಿದ್ದಲು ಬರುವ ಸಾರಾಂಶಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ನಮ್ಮ ಉದಾಹರಣೆಯನ್ನೇ ನೋಡಿ. ಮೂರನೇ ಪ್ಯಾರಾದಲ್ಲಿ ಅರ್ಜಿದಾರನ ಪರವಾಗಿ ಆರು ಅಂಶಗಳಿವೆ: ಹಳೆಯ ಜಮೀನು ವ್ಯಾಜ್ಯದ ದ್ವೇಷದಿಂದ ಸುಳ್ಳು ಕೇಸು ಹಾಕಿದ್ದಾರೆ, ದೂರು ಕೊಡುವುದು 14 ಗಂಟೆ ತಡವಾಗಿದೆ, ಅವನು ಹೊಡೆದನೆಂಬ ಗಾಯ ಸಾದಾ ಗಾಯ, ದೊಣ್ಣೆ ಜಪ್ತಿಯಾಗಿದೆ, ಹಿಂದೆ ಯಾವ ಕೇಸೂ ಇಲ್ಲ, ಎರಡು ಎಕರೆ ಜಮೀನಿನ ಕಾಯಂ ನಿವಾಸಿ, ಓಡಿಹೋಗುವುದಿಲ್ಲ. ಆರನ್ನೂ ಬರೆದು ‘ಈ ಕಾರಣಗಳಿಂದ ಕೋರ್ಟು ಜಾಮೀನು ನೀಡಿದೆ’ ಎಂದು ಮುಗಿಸಿದರೆ ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಸುಳ್ಳು. ಎಂಟನೇ ಪ್ಯಾರಾದಲ್ಲಿ ನ್ಯಾಯಾಧೀಶರು ಏನು ಹೇಳಿದ್ದಾರೆಂದರೆ, ಸುಳ್ಳು ಕೇಸೋ ಅಲ್ಲವೋ, ತಡ ಏಕಾಯಿತು ಎಂಬುದೆಲ್ಲ ಪೂರ್ತಿ ವಿಚಾರಣೆಯಲ್ಲಿ ತೀರ್ಮಾನವಾಗಬೇಕು, ಈಗ ಅದನ್ನು ಪರಿಗಣಿಸಲಾಗದು. ಅಂದರೆ ಆರರಲ್ಲಿ ಮೊದಲ ಎರಡನ್ನು ಕೋರ್ಟು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ, ಪಕ್ಕಕ್ಕಿಟ್ಟಿತು. ಕಾಯಂ ನಿವಾಸಿ ಎಂಬುದರ ಬಗ್ಗೆ ಕಾರಣಗಳ ಭಾಗದಲ್ಲಿ ಒಂದು ಮಾತೂ ಇಲ್ಲ. ಕೋರ್ಟು ಕೈಗೆತ್ತಿಕೊಂಡದ್ದು ಉಳಿದ ಮೂರನ್ನು ಮಾತ್ರ.

ಇದರಿಂದ ಏನು ಹಾಳು? ‘ಸುಳ್ಳು ಕೇಸು ಅಂತ ಜಡ್ಜೇ ಬರೆದಿದ್ದಾರೆ’ ಎಂದು ಊರಲ್ಲಿ ಹಬ್ಬುತ್ತದೆ. ಗಾಯಾಳುವಿನ ಮನೆಯವರ ಹತ್ತಿರ ಹೋಗಿ ಅದನ್ನೇ ಆಡಿ ತೋರಿಸುತ್ತಾರೆ. ಅಲ್ಲಿಗೆ ಸಾಕ್ಷಿಗಳನ್ನು ಬೆದರಿಸಿದ ಆರೋಪ ಬಂದು, ಜಾಮೀನು ರದ್ದಿಗೆ ಅರ್ಜಿ ಬೀಳುತ್ತದೆ.

ಯಾರ ಮಾತು ಎಂದು ಗುರುತಿಸುವುದು ಹೇಗೆ?

ವಾಕ್ಯದ ಕ್ರಿಯಾಪದ ನೋಡಿ. ಇಂಗ್ಲಿಷ್ ಆದೇಶದಲ್ಲಿ ‘ಅಲೆಜ್ಡ್’ ಇದ್ದರೆ ಅದು ದೂರಿನ ಮಾತು. ‘ಕಂಟೆಂಡೆಡ್’, ‘ಸಬ್ಮಿಟೆಡ್’, ‘ಆರ್ಗ್ಯೂಡ್’ ಇದ್ದರೆ ವಕೀಲರ ಮಾತು. ‘ಆನ್ ಪೆರ್ಯೂಸಲ್’, ‘ಇಟ್ ಅಪಿಯರ್ಸ್’, ‘ಇನ್ ಮೈ ಒಪಿನಿಯನ್’ ಎಂದು ಬಂದಾಗ ನ್ಯಾಯಾಧೀಶರು ಮಾತಾಡುತ್ತಿದ್ದಾರೆ. ಕನ್ನಡ ಆದೇಶವಾದರೆ ‘ಆರೋಪಿಸಲಾಗಿದೆ’, ‘ವಾದಿಸಿದ್ದಾರೆ’, ‘ಕಡತ ಪರಿಶೀಲಿಸಲಾಗಿ ಕಂಡುಬರುತ್ತದೆ’ ಎಂಬ ಮೂರು ಬಗೆಯನ್ನು ಬೇರ್ಪಡಿಸಿಕೊಳ್ಳಿ. ನಾನು ಜೆರಾಕ್ಸ್ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ‘ದೂ’, ‘ವ’, ‘ಸ’, ‘ಕೋ’ ಎಂದು ಬರೆದುಕೊಳ್ಳುತ್ತೇನೆ: ದೂರು, ವಕೀಲರು, ಸರ್ಕಾರಿ ಕಡೆ, ಕೋರ್ಟು. ‘ಕೋ’ ಎಂದು ಗುರುತಾದ ಸಾಲುಗಳಿಂದ ಮಾತ್ರ ಕಾರಣಗಳನ್ನು ಎತ್ತುತ್ತೇನೆ.

‘ಕಾರಣಗಳು’ ಎಂಬ ತಲೆಬರಹದ ಕೆಳಗೆ ಇರುವುದೆಲ್ಲ ಕೋರ್ಟಿನ ಕಾರಣ ಎಂದು ಮಾತ್ರ ನಂಬಬೇಡಿ. ಅಲ್ಲೂ ವಕೀಲರ ವಾದ ಮತ್ತೊಮ್ಮೆ ಬರುತ್ತದೆ. ಸುಪ್ರೀಂ ಕೋರ್ಟಿನ ತೀರ್ಪುಗಳ ಉದ್ದುದ್ದ ಭಾಗಗಳೂ ಬರುತ್ತವೆ. ಉದಾಹರಣೆಗೆ 2011ರ ಸಂಜಯ್ ಚಂದ್ರ ಪ್ರಕರಣದ ಸಾಲುಗಳನ್ನು ಎಷ್ಟೋ ಆದೇಶಗಳಲ್ಲಿ ನೋಡುತ್ತೇವೆ. ಜಾಮೀನಿನ ಉದ್ದೇಶ ಆರೋಪಿಯನ್ನು ವಿಚಾರಣೆಗೆ ಹಾಜರಾಗುವಂತೆ ಮಾಡುವುದು, ಶಿಕ್ಷೆ ಕೊಡುವುದಲ್ಲ ಎಂಬ ತತ್ವಕ್ಕೆ ಅದನ್ನು ಎತ್ತುತ್ತಾರೆ. ಆ ತೀರ್ಪಿನ ಸಂಗತಿಗಳು ನಮ್ಮ ನಾಲೆ ಜಗಳದ ಸಂಗತಿಗಳಲ್ಲ. ತತ್ವವನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

‘ಆಧಾರ’ ಮತ್ತು ‘ಕಾರಣ’ ಎರಡೂ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ ಆಗಿ ಬಳಸುತ್ತೇವೆ. ಬರೆಯುವಾಗ ಬೇರೆ ಮಾಡಿದರೆ ಓದುವವರಿಗೆ ಉಪಕಾರ. ಆಧಾರ ಎಂದರೆ ಕಡತದಲ್ಲಿರುವ ಸಂಗತಿ. ಕಾರಣ ಎಂದರೆ ಆ ಸಂಗತಿಯಿಂದ ಕೋರ್ಟು ಜಾಮೀನಿನ ತೀರ್ಮಾನಕ್ಕೆ ಹೇಗೆ ಬಂತು ಎಂಬ ತರ್ಕ.

ಎಡಗೈ ಗಾಯ ಸಾದಾ ಸ್ವರೂಪದ್ದು ಎಂದು ವೂಂಡ್ ಸರ್ಟಿಫಿಕೇಟಿನಲ್ಲಿದೆ. ಇದು ಆಧಾರ. ತಲೆಯ ಏಟಿಗೂ ಈತನಿಗೂ ನೇರ ಸಂಬಂಧ ಹೇಳಿಲ್ಲ, ಕೊಲ್ಲುವ ಉದ್ದೇಶದಲ್ಲಿ ಈತನೂ ಪಾಲುದಾರನೇ ಎಂಬುದು ಸಾಕ್ಷ್ಯ ಬಂದ ಮೇಲೆ ತಿಳಿಯಬೇಕಾದ ವಿಷಯ, ಆದ್ದರಿಂದ ಈ ಹಂತದಲ್ಲಿ ಬಂಧನ ಮುಂದುವರಿಸಬೇಕಿಲ್ಲ. ಇದು ಕಾರಣ. ಆಧಾರವನ್ನಷ್ಟೇ ಬರೆದು ಬಿಟ್ಟರೆ ‘ಸಾದಾ ಗಾಯ ಆದರೆ ಜಾಮೀನು ಸಿಗುತ್ತೆ’ ಎಂದು ಓದಿದವರು ತಿಳಿಯುತ್ತಾರೆ. ಹಾಗೇನೂ ನಿಯಮವಿಲ್ಲ.

ಸುಪ್ರೀಂ ಕೋರ್ಟು 2010ರ ಪ್ರಶಾಂತ ಕುಮಾರ್ ಸರ್ಕಾರ್ ಪ್ರಕರಣದಲ್ಲಿ ಜಾಮೀನು ಅರ್ಜಿಯಲ್ಲಿ ನೋಡಬೇಕಾದ ಅಂಶಗಳನ್ನು ಒಟ್ಟಿಗೆ ಹೇಳಿದೆ. ಮೇಲ್ನೋಟಕ್ಕೆ ಆರೋಪ ನಂಬಲರ್ಹವೇ, ಆರೋಪ ಎಷ್ಟು ಗಂಭೀರ, ಶಿಕ್ಷೆ ಎಷ್ಟು, ಓಡಿಹೋಗುವ ಭಯ ಇದೆಯೇ, ಆರೋಪಿಯ ನಡತೆ ಮತ್ತು ಹಿನ್ನೆಲೆ ಏನು, ಮತ್ತೆ ಅಪರಾಧ ಮಾಡಬಹುದೇ, ಸಾಕ್ಷಿಗಳ ಮೇಲೆ ಪ್ರಭಾವ ಬೀರಬಹುದೇ ಎಂಬುವು ಅದರಲ್ಲಿವೆ. ಈ ಪಟ್ಟಿಯನ್ನು ನಾನು ಸಾರಾಂಶಕ್ಕೆ ತುಂಬುವುದಿಲ್ಲ, ಆದೇಶ ಓದುವಾಗ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಯಾವ ಅಂಶಕ್ಕೆ ಕೋರ್ಟು ಉತ್ತರ ಕೊಟ್ಟಿದೆ, ಯಾವುದಕ್ಕೆ ಕೊಟ್ಟಿಲ್ಲ ಎಂಬುದು ಆಗ ಕಾಣುತ್ತದೆ.

ಸರ್ಕಾರಿ ವಕೀಲರ ತಕರಾರನ್ನು ಬರೆಯಲೇಬೇಕೇ?

ಬರೆಯಬೇಕು. ಷರತ್ತುಗಳು ಹುಟ್ಟುವುದೇ ಅಲ್ಲಿಂದ. ಇದು ಗೊತ್ತಾದರೆ ಸಾರಾಂಶ ತಾನಾಗಿಯೇ ಒಂದು ದಾರಕ್ಕೆ ಪೋಣಿಸಿಕೊಳ್ಳುತ್ತದೆ. ನಮ್ಮ ಕೇಸಿನಲ್ಲಿ ತಕರಾರು ಎರಡು: ಆರೋಪಿಯೂ ಗಾಯಾಳುವೂ ಒಂದೇ ಊರಿನವರಾದ್ದರಿಂದ ಹೊರಗೆ ಬಂದರೆ ಸಾಕ್ಷಿಗಳನ್ನು ಹೆದರಿಸುತ್ತಾನೆ, ತನಿಖೆ ಇನ್ನೂ ಮುಗಿದಿಲ್ಲ. ಹನ್ನೊಂದನೇ ಪ್ಯಾರಾದಲ್ಲಿ ಕೋರ್ಟು ಈ ಭಯವನ್ನು ಅಲ್ಲಗಳೆದಿಲ್ಲ. ಸೂಕ್ತ ಷರತ್ತು ಹಾಕಿದರೆ ಅದನ್ನು ನಿವಾರಿಸಬಹುದು ಎಂದಿದೆ. ಗಾಯಾಳುವಿನ ಮನೆ, ಜಮೀನಿನ ಹತ್ತಿರ ಸುಳಿಯಬಾರದು ಎಂಬ ಷರತ್ತು ಬಂದದ್ದು ಮೊದಲ ಭಯಕ್ಕೆ. ಭಾನುವಾರ ಠಾಣೆಗೆ ಹಾಜರಿ ಎಂಬುದು ಎರಡನೆಯದಕ್ಕೆ. ಈ ನಂಟನ್ನು ಹೇಳಿದರೆ ಕಕ್ಷಿದಾರ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಸಾರಾಂಶ ಬರೆದು ತೋರಿಸುತ್ತೀರಾ?

ಈ ಕೇಸಿಗೆ ನಾನು ಬರೆಯುವುದು ಹೀಗೆ:

> ಕೊಲೆ ಯತ್ನದ ಆರೋಪದ ಈ ಪ್ರಕರಣದಲ್ಲಿ ಎರಡನೇ ಆರೋಪಿಗೆ ಮಾತ್ರ ಸೆಷನ್ಸ್ ನ್ಯಾಯಾಲಯ ನಾಗರಿಕ ಸುರಕ್ಷಾ ಸಂಹಿತೆ ಕಲಂ 483ರಡಿ ಜಾಮೀನು ನೀಡಿದೆ.
>
> ಆಧಾರಗಳು: ಈತ ದೊಣ್ಣೆಯಿಂದ ಎಡಗೈಗೆ ಹೊಡೆದ ಎಂಬುದಷ್ಟೇ ಈತನ ಮೇಲಿನ ಆರೋಪ, ಆ ಗಾಯ ಸಾದಾ ಸ್ವರೂಪದ್ದೆಂದು ವೈದ್ಯರ ಪ್ರಮಾಣಪತ್ರವಿದೆ (ಪ್ಯಾರಾ 9). ದೊಣ್ಣೆ ಜಪ್ತಿಯಾಗಿದೆ, ಗಾಯಾಳು ಆಸ್ಪತ್ರೆಯಿಂದ ಬಿಡುಗಡೆಯಾಗಿದ್ದಾರೆ, ಮುಖ್ಯ ಸಾಕ್ಷಿಗಳ ಹೇಳಿಕೆ ದಾಖಲಾಗಿದೆ (ಪ್ಯಾರಾ 10). ಹಿಂದಿನ ಪ್ರಕರಣಗಳಿರುವ ಬಗ್ಗೆ ಪೊಲೀಸರು ವರದಿ ಮಾಡಿಲ್ಲ (ಪ್ಯಾರಾ 11).
>
> ಕೋರ್ಟಿನ ಕಾರಣ: ಆರೋಪ ಗಂಭೀರವಾದರೂ ತಲೆಯ ಗಾಯಕ್ಕೆ ಈತನ ನೇರ ಪಾತ್ರ ಹೇಳಿಲ್ಲ. ಸಮಾನ ಉದ್ದೇಶವಿತ್ತೇ ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗಬೇಕು. ತನಿಖೆಗೆ ಈತನನ್ನು ಇನ್ನೂ ಬಂಧನದಲ್ಲಿಡುವ ಅಗತ್ಯ ಕಾಣುವುದಿಲ್ಲ. ಸಾಕ್ಷಿಗಳಿಗೆ ಬೆದರಿಕೆಯಾಗಬಹುದೆಂಬ ಆತಂಕವನ್ನು ಷರತ್ತುಗಳಿಂದ ನಿವಾರಿಸಬಹುದು.
>
> ಕೋರ್ಟು ತೀರ್ಮಾನಿಸದ ವಿಷಯ: ಸುಳ್ಳು ಪ್ರಕರಣ ಮತ್ತು ದೂರಿನ ವಿಳಂಬ ಎಂಬ ವಾದಗಳನ್ನು ವಿಚಾರಣೆಗೆ ಬಿಡಲಾಗಿದೆ (ಪ್ಯಾರಾ 8).

‘ಕೋರ್ಟು ತೀರ್ಮಾನಿಸದ ವಿಷಯ’ ಎಂಬ ಆ ಕೊನೆಯ ಭಾಗವನ್ನು ಬಹಳ ಜನ ಬರೆಯುವುದಿಲ್ಲ. ನಾನು ಅದನ್ನು ಬಿಡುವುದೇ ಇಲ್ಲ. ಪ್ಯಾರಾ ಸಂಖ್ಯೆ ಹಾಕುವುದೂ ಅಷ್ಟೇ ಮುಖ್ಯ. ಬರೆಯುವವರೇ ತಮ್ಮ ಮಾತನ್ನು ಮರಳಿ ನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಕಡಿವಾಣವಿಲ್ಲ. ಯಾವ ಪ್ಯಾರಾ ಎಂದು ಹೇಳಲು ಬಾರದಿದ್ದರೆ ಆ ಕಾರಣ ಆದೇಶದಲ್ಲಿ ಇಲ್ಲವೆಂದೇ ಅರ್ಥ.

ಷರತ್ತುಗಳನ್ನೂ ಸಂಕ್ಷೇಪಿಸಬಹುದೇ?

ಬೇಡ. ಕಾರಣಗಳನ್ನು ಸಂಕ್ಷೇಪಿಸಿ, ಷರತ್ತುಗಳನ್ನು ಸಂಕ್ಷೇಪಿಸಬೇಡಿ. ಅವನ್ನು ಒಂದೊಂದಾಗಿ, ಇದ್ದ ಹಾಗೇ, ಕನ್ನಡಕ್ಕೆ ತನ್ನಿ. ಪ್ರತಿ ಷರತ್ತಿನ ಮುಂದೆ ನಾಲ್ಕು ವಿಷಯ ಸ್ಪಷ್ಟವಿರಬೇಕು: ಏನು ಮಾಡಬೇಕು, ಎಲ್ಲಿ, ಯಾವ ಸಮಯಕ್ಕೆ, ಎಲ್ಲಿಯವರೆಗೆ.

ಜನ ಎಡವುವುದು ಈ ನಾಲ್ಕನೆಯದರಲ್ಲಿ. ನಮ್ಮ ಆದೇಶದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರೊಳಗೆ ಠಾಣೆಯಲ್ಲಿ ಸಹಿ ಹಾಕಬೇಕು, ಚಾರ್ಜ್‌ಶೀಟ್ ಸಲ್ಲಿಕೆಯಾಗುವವರೆಗೆ ಎಂದಿದೆ. ಪೂರ್ವಾನುಮತಿ ಇಲ್ಲದೆ ನ್ಯಾಯಾಲಯದ ವ್ಯಾಪ್ತಿ ಬಿಟ್ಟು ಹೋಗಬಾರದು ಎಂಬ ಷರತ್ತಿಗೆ ಯಾವ ಗಡುವೂ ಇಲ್ಲ. ಮೊದಲನೆಯದು ಚಾರ್ಜ್‌ಶೀಟ್ ಬಿದ್ದ ದಿನ ಮುಗಿಯುತ್ತದೆ. ಎರಡನೆಯದು ಕೋರ್ಟು ಸಡಿಲಿಸುವವರೆಗೆ ಅಥವಾ ಕೇಸು ಮುಗಿಯುವವರೆಗೆ ಇರುತ್ತದೆ. ಎರಡನ್ನೂ ಸೇರಿಸಿ ‘ಚಾರ್ಜ್‌ಶೀಟ್ ಆಗುವವರೆಗೆ ಷರತ್ತು’ ಎಂದು ಬರೆದದ್ದನ್ನು ನಾನು ಕಂಡಿದ್ದೇನೆ. ಓದಿದವನು ಚಾರ್ಜ್‌ಶೀಟ್ ಆಯಿತೆಂದು ಬೆಂಗಳೂರಿಗೆ ದುಡಿಯಲು ಹೊರಟಿದ್ದ.

ವ್ಯಾಪ್ತಿ ಎಂಬ ಮಾತಿಗೂ ಗಮನ ಕೊಡಿ. ಯಾವ ನ್ಯಾಯಾಲಯದ ವ್ಯಾಪ್ತಿ? ಸೆಷನ್ಸ್ ಕೋರ್ಟಿನದಾದರೆ ದಾವಣಗೆರೆ ಜಿಲ್ಲೆ. ಸಂಬಂಧಪಟ್ಟ ಮ್ಯಾಜಿಸ್ಟ್ರೇಟರದಾದರೆ ಅದಕ್ಕಿಂತ ಚಿಕ್ಕದು. ಹರಿಹರದವರಿಗೆ ಇದು ಬರೀ ಮಾತಿನ ವಿಚಾರವಲ್ಲ. ತುಂಗಭದ್ರಾ ಸೇತುವೆ ದಾಟಿದರೆ ಕುಮಾರಪಟ್ಟಣ, ಅದು ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಹೊಳೆಯ ಆಚೆ ದಿನಾ ಕೆಲಸಕ್ಕೆ ಹೋಗುವವನಿಗೆ ಈ ಷರತ್ತು ಬಿದ್ದರೆ, ಅನುಮತಿ ಇಲ್ಲದೆ ಡ್ಯೂಟಿಗೆ ಹೋದ ಪ್ರತಿ ದಿನವೂ ಉಲ್ಲಂಘನೆ. ಸಾರಾಂಶದಲ್ಲಿ ‘ಊರು ಬಿಟ್ಟು ಹೋಗಬಾರದು’ ಎಂದು ಬರೆದರೆ ಅವನು ‘ಊರಿಗೇ ಸಂಜೆ ಬರುತ್ತೇನಲ್ಲ’ ಎಂದುಕೊಳ್ಳುತ್ತಾನೆ. ‘ದಾವಣಗೆರೆ ಜಿಲ್ಲೆಯ ಗಡಿ ದಾಟಲು ಕೋರ್ಟಿನ ಅನುಮತಿ ಬೇಕು, ಕುಮಾರಪಟ್ಟಣಕ್ಕೂ ಬೇಕು’ ಎಂದು ಬರೆದರೆ ಯಾವ ಗೊಂದಲವೂ ಇಲ್ಲ.

‘ಒಂದು ಲಕ್ಷದ ಬಾಂಡ್’ ಎಂದರೆ ಅಷ್ಟು ಹಣ ಕಟ್ಟಬೇಕೇ?

ಇಲ್ಲ. ಮನೆಯವರು ಮೊದಲು ಕೇಳುವುದೇ ಇದು, ಆದ್ದರಿಂದ ಸಾರಾಂಶದಲ್ಲೇ ಬಿಡಿಸಿ ಬರೆಯಿರಿ. ‘ಒಂದು ಲಕ್ಷ ರೂಪಾಯಿಯ ಸ್ವಂತ ಮುಚ್ಚಳಿಕೆ ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ’ ಎಂದರೆ, ಕರೆದ ದಿನ ಕೋರ್ಟಿಗೆ ಬರದಿದ್ದರೆ ಅಷ್ಟು ಹಣಕ್ಕೆ ನಾನು ಹೊಣೆ ಎಂದು ಆರೋಪಿಯೂ, ಅವನು ಬರದಿದ್ದರೆ ನಾನು ಹೊಣೆ ಎಂದು ಜಾಮೀನುದಾರನೂ ಬರೆದುಕೊಡುವುದು. ಬಾಂಡ್ ಮುರಿದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 491ರಡಿ ಆ ಹಣ ವಸೂಲಿಗೆ ಕ್ರಮ ಆಗುತ್ತದೆ. ಆದೇಶದಲ್ಲಿ ನಗದು ಭದ್ರತೆ ಎಂದು ಬೇರೆಯಾಗಿ ಬರೆದಿದ್ದರೆ ಮಾತ್ರ ಹಣ ಕಟ್ಟುವ ಮಾತು.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಒಂದು ದಿನ ಉಳಿಯುತ್ತದೆ. ಜಾಮೀನು ಕೊಟ್ಟದ್ದು ಸೆಷನ್ಸ್ ಕೋರ್ಟಾದರೂ ಬಾಂಡ್ ಬರೆದುಕೊಡುವುದು ‘ಸಂಬಂಧಪಟ್ಟ ನ್ಯಾಯಾಲಯದ ಸಮಾಧಾನಕ್ಕೆ’ ಎಂದಿದ್ದರೆ ಹೋಗಬೇಕಾದದ್ದು ಹರಿಹರದ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಜಾಮೀನುದಾರ ಪಹಣಿ ಅಥವಾ ಮನೆ ಕಂದಾಯದ ರಸೀದಿ, ಆಧಾರ್, ಫೋಟೋ ಹಿಡಿದು ದಾವಣಗೆರೆಗೆ ಬಂದು ವಾಪಸು ಹೋಗುವಂತಾಗಬಾರದು. ಎಲ್ಲಿ ಎಂಬುದನ್ನು ಸಾರಾಂಶದ ಮೊದಲ ಷರತ್ತಿನಲ್ಲೇ ಹೇಳಿ.

ಬೇರೆ ಕಲಮಿನ ಜಾಮೀನಾದರೆ ಬರೆಯುವ ಕ್ರಮ ಬದಲಾಗುತ್ತದೆಯೇ?

ಮುಖ್ಯವಾಗಿ ಒಂದು ಕಡೆ ಪೂರ್ತಿ ಬದಲಾಗುತ್ತದೆ: ಕಲಂ 187(3)ರಡಿ ಸಿಗುವ ಜಾಮೀನು, ನಾವು ಡಿಫಾಲ್ಟ್ ಬೇಲ್ ಎನ್ನುವುದು. ಆರೋಪಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ, ಆರೋಪಿ ಅರ್ಜಿ ಹಾಕಿ ಬಾಂಡ್ ಕೊಡಲು ತಯಾರಿದ್ದರೆ ಅದು ಅವನ ಹಕ್ಕು. ಅಲ್ಲಿ ಗಾಯ, ಪಾತ್ರ, ಹಿನ್ನೆಲೆ ಯಾವುದನ್ನೂ ಕೋರ್ಟು ತೂಗುವುದಿಲ್ಲ. ಸಾರಾಂಶದಲ್ಲಿ ಬೇಕಾದದ್ದು ದಿನಾಂಕಗಳು: ಮೊದಲ ರಿಮಾಂಡ್ ಎಂದು, ಗಡುವು ಮುಗಿದದ್ದು ಎಂದು, ಅರ್ಜಿ ಎಂದು. ‘ಆರೋಪದಲ್ಲಿ ಹುರುಳಿಲ್ಲವೆಂದು ಜಾಮೀನು’ ಎಂಬ ಅರ್ಥ ಬರುವ ಒಂದು ಪದವೂ ಇರಬಾರದು. ಇಂಥ ಜಾಮೀನಿಗೆ ಹಣ ಠೇವಣಿ ಇಡಬೇಕೆಂಬ ಷರತ್ತು ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಸರವಣನ್ ಪ್ರಕರಣದಲ್ಲಿ ಹೇಳಿದೆ. ಅಂಥ ಷರತ್ತು ಕಂಡರೆ ವಕೀಲರಿಗೆ ತಕ್ಷಣ ತಿಳಿಸಿ.

ನಿರೀಕ್ಷಣಾ ಜಾಮೀನಾದರೆ (ಕಲಂ 482) ‘ಬಂಧಿಸಿದಲ್ಲಿ ಬಿಡುಗಡೆ ಮಾಡತಕ್ಕದ್ದು’ ಎಂಬ ರೂಪದಲ್ಲಿರುತ್ತದೆ. ಇಷ್ಟು ದಿನದೊಳಗೆ ತನಿಖಾಧಿಕಾರಿ ಮುಂದೆ ಹಾಜರಾಗಬೇಕು ಎಂದಿದ್ದರೆ ಆ ಕೊನೆಯ ತಾರೀಖನ್ನು ಲೆಕ್ಕ ಹಾಕಿ ಸಾರಾಂಶದ ತಲೆಯಲ್ಲೇ ಬರೆಯಿರಿ. 1 ಜುಲೈ 2024ಕ್ಕೆ ಮೊದಲಿನ ಆದೇಶಗಳಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 437, 438, 439 ಎಂದಿರುತ್ತದೆ. ಈಗ ಅವು 480, 482, 483.

ಆದೇಶದಲ್ಲಿ ಕಾರಣವೇ ಇಲ್ಲದಿದ್ದರೆ?

‘ಸಂಗತಿ ಮತ್ತು ಸಂದರ್ಭಗಳನ್ನು ಪರಿಗಣಿಸಿ’ ಎಂಬ ಒಂದೇ ಸಾಲಿನಲ್ಲಿ ಜಾಮೀನು ಕೊಟ್ಟಿರುವುದೂ ಉಂಟು. ಆಗ ಸಾರಾಂಶದಲ್ಲಿ ‘ಪ್ರತ್ಯೇಕ ಕಾರಣಗಳನ್ನು ನೀಡಿಲ್ಲ’ ಎಂದೇ ಬರೆಯಿರಿ. ವಕೀಲರ ವಾದದಿಂದ ಎರವಲು ತಂದು ತುಂಬಬೇಡಿ. ಅದು ಬಿಟ್ಟುಹೋದ ಸಣ್ಣ ವಿಷಯವಲ್ಲ. 2019ರ ಮಹಿಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜಾಮೀನು ಆದೇಶ ಬುದ್ಧಿಪೂರ್ವಕ ಪರಿಶೀಲನೆಯ ಕಾರಣಗಳನ್ನು ತೋರಿಸಬೇಕು ಎಂದು ಹೇಳಿ, ಹಾಗೆ ತೋರಿಸದ ಆದೇಶವನ್ನು ರದ್ದು ಮಾಡಿತು. ಆದೇಶ ಬರಿದಾಗಿದ್ದರೆ ಎದುರು ಕಡೆಯವರು ಮೇಲಿನ ಕೋರ್ಟಿಗೆ ಹೋಗಬಹುದು ಎಂಬುದು ಕಕ್ಷಿದಾರನಿಗೂ ಗೊತ್ತಿರಬೇಕು.

ಇಲ್ಲಿ ಎರಡು ಸಂಗತಿ ಬೆರೆಸಬೇಡಿ. ಆದೇಶದಲ್ಲೇ ದೋಷವಿದೆ ಎಂದು ಅದನ್ನು ಪ್ರಶ್ನಿಸುವುದು ಒಂದು. ಆದೇಶ ಸರಿಯಾಗಿಯೇ ಇದ್ದು, ಹೊರಗೆ ಬಂದವನು ಷರತ್ತು ಮುರಿದನೆಂದು ಜಾಮೀನು ರದ್ದು ಕೇಳುವುದು ಇನ್ನೊಂದು.

ತಮ್ಮನಿಗೆ ಸಿಕ್ಕಿದ ಮೇಲೆ ಅಣ್ಣನಿಗೂ ಸಿಗಬೇಕಲ್ಲ?

ಈ ಪ್ರಶ್ನೆಯನ್ನು ಅಣ್ಣನ ಹೆಂಡತಿ ಕೇಳುತ್ತಾಳೆ, ಸಾರಾಂಶ ಸರಿಯಿದ್ದರೆ ಉತ್ತರ ಅದರಲ್ಲೇ ಇರುತ್ತದೆ. ಸಹ ಆರೋಪಿಗೆ ಜಾಮೀನು ಸಿಕ್ಕಿದೆ, ನನಗೂ ಕೊಡಿ ಎಂಬ ಸಮಾನತೆಯ ವಾದ ನಿಲ್ಲುವುದು ಇಬ್ಬರ ಪಾತ್ರವೂ ಒಂದೇ ಆಗಿದ್ದಾಗ. ನಮ್ಮ ಆದೇಶದಲ್ಲಿ ತಮ್ಮನಿಗೆ ಜಾಮೀನು ಸಿಕ್ಕ ಮುಖ್ಯ ಕಾರಣವೇ ತಲೆಗೆ ಹೊಡೆದವನು ಅವನಲ್ಲ ಎಂಬುದು. ಅದೇ ವಾಕ್ಯ ಅಣ್ಣನಿಗೆ ಅಡ್ಡ ಬರುತ್ತದೆ. ಹಿಂದಿನಿಂದ ಹಿಡಿದುಕೊಂಡಿದ್ದ ಎಂಬ ಮೂರನೇ ಆರೋಪಿಗೆ ಮಾತ್ರ ಅದು ನೆರವಾಗಬಹುದು. ‘ಆರೋಪಿಗಳಿಗೆ ಜಾಮೀನು’ ಎಂದು ಬಹುವಚನದಲ್ಲಿ ತಲೆಬರಹ ಹಾಕಿದ ವರದಿ ಓದಿ ಆ ತಾಯಿ ಮನೆಯಲ್ಲಿ ಅಡುಗೆ ಮಾಡಿ ಕಾಯ್ದಿದ್ದರೆ ಅದರ ಹೊಣೆ ಬರೆದವರದು.

ಜಾಮೀನು ಎಂದರೆ ನಿರಪರಾಧಿ ಎಂದು ಅರ್ಥವೇ?

ಅಲ್ಲ. ಆದೇಶದಲ್ಲಿ ‘ಮೇಲ್ನೋಟಕ್ಕೆ’ ಎಂದಿದ್ದರೆ ಆ ಪದವನ್ನು ಸಾರಾಂಶದಲ್ಲೂ ಉಳಿಸಿ. ‘ಇಲ್ಲಿನ ಅಭಿಪ್ರಾಯಗಳು ಈ ಅರ್ಜಿಗೆ ಮಾತ್ರ ಸೀಮಿತ’ ಎಂಬ ಸಾಲಿದ್ದರೆ ಅದನ್ನೂ ಬಿಡಬೇಡಿ.

ಹೆಸರುಗಳನ್ನು ಬರೆಯಬಹುದೇ?

ವಕೀಲರ ಕಡತಕ್ಕೆ, ಮನೆಯವರಿಗೆ ಬರೆಯುವಾಗ ಬೇರೆ ಮಾತು. ಪತ್ರಿಕೆಗೆ, ವಾಟ್ಸ್ಆ್ಯಪ್ ಗುಂಪಿಗೆ ಹೋಗುವುದಾದರೆ ಸಾಕ್ಷಿಗಳ ಹೆಸರು ಬೇಡವೇ ಬೇಡ. ಲೈಂಗಿಕ ಅಪರಾಧದ ಪ್ರಕರಣದಲ್ಲಿ ಸಂತ್ರಸ್ತೆಯ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ ಕಲಂ 72ರಡಿ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ ಇನ್ನೂ ಬಿಗಿ. ಊರಿನ ಹೆಸರು, ಶಾಲೆ, ತಂದೆಯ ಹೆಸರಿನಿಂದಲೂ ಗುರುತು ಸಿಗುತ್ತದೆ.

ಷರತ್ತು ಪಾಲಿಸಲು ಸಾಧ್ಯವೇ ಇಲ್ಲ ಎಂದು ಕಂಡರೆ?

ಸಾರಾಂಶ ಬರೆಯುವಾಗಲೇ ಅದು ಕಣ್ಣಿಗೆ ಬೀಳುತ್ತದೆ. ಮುಚ್ಚಿಡಬೇಡಿ, ಕೆಳಗೆ ಬೇರೆಯಾಗಿ ಗುರುತು ಹಾಕಿ. ಬಾಂಡಿನ ಮೊತ್ತ ಮಿತಿಮೀರಿರಬಾರದು ಎಂದು ಕಲಂ 484 ಹೇಳುತ್ತದೆ, ಅದನ್ನು ಕಡಿಮೆ ಮಾಡುವ ಅಧಿಕಾರ ಸೆಷನ್ಸ್ ಕೋರ್ಟು, ಹೈಕೋರ್ಟುಗಳಿಗಿದೆ. 2024ರ ಫ್ರಾಂಕ್ ವೈಟಸ್ ಪ್ರಕರಣದಲ್ಲಿ, ಪೊಲೀಸರು ಸದಾ ಆರೋಪಿಯ ಚಲನವಲನ ನೋಡುವಂತೆ ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು ತೆಗೆದುಹಾಕಿತು. 2021ರ ಅಪರ್ಣಾ ಭಟ್ ಪ್ರಕರಣದಲ್ಲಿ, ದೂರುದಾರ ಮಹಿಳೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಷರತ್ತನ್ನು ರದ್ದು ಮಾಡಿತು. ಆದ್ದರಿಂದ ಷರತ್ತೆಂದರೆ ಕಲ್ಲಿನ ಗೆರೆಯಲ್ಲ. ಆದರೆ ಕೋರ್ಟು ಬದಲಿಸುವವರೆಗೆ ಪಾಲಿಸಲೇಬೇಕು.

ಜಾಮೀನುದಾರ ಸಿಗದೆ ಜೈಲಿನಲ್ಲೇ ಉಳಿದವರ ಬಗ್ಗೆ ಸುಪ್ರೀಂ ಕೋರ್ಟು 31 ಜನವರಿ 2023ರಂದು ನಿರ್ದೇಶನ ಕೊಟ್ಟಿದೆ. ಜಾಮೀನು ಸಿಕ್ಕ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು. ಇದಕ್ಕಾಗಿ ನನ್ನ ಸಾರಾಂಶದ ಕೊನೆಯಲ್ಲಿ ಎರಡು ತಾರೀಖು ಬರೆದಿಡುತ್ತೇನೆ: ಆದೇಶವಾದ ದಿನದಿಂದ ಏಳನೇ ದಿನ, ಮತ್ತು ಒಂದು ತಿಂಗಳು ತುಂಬುವ ದಿನ. ಹೊಳೆಯಾಚೆ ಕೆಲಸವಿರುವವನ ಸಾರಾಂಶವಾದರೆ ಅವೆರಡರ ಕೆಳಗೆ ಇನ್ನೊಂದು ಸಾಲು: ‘ಕುಮಾರಪಟ್ಟಣಕ್ಕೆ ಹೋಗಿಬರಲು ಅನುಮತಿ ಅರ್ಜಿ ಹಾಕಬೇಕು, ಕಂಪನಿಯ ಕೆಲಸದ ಪತ್ರ ತರಿಸಿ.’